ಬಿಡುಗಡೆ ಸಾರಾಂಶ: ಹೃದಯದ ದುರ್ಬಲತೆ, ಶ್ವಾಸಕೋಶದಲ್ಲಿ ನೀರು

ರೋಗಿ: ಪುರುಷ, 62 ವರ್ಷ. ಒಳರೋಗಿ ಸಂಖ್ಯೆ 2317, ಹಾಸಿಗೆ 14
ದಾಖಲು: 09-03-2025 ಬಿಡುಗಡೆ: 14-03-2025
ಔಷಧದ ಅಲರ್ಜಿ: ಇಲ್ಲ
ಮನೆಗೆ ಹೊರಟಾಗಿನ ತೂಕ: 68.6 ಕೆ.ಜಿ. (ಮುಂದಿನ ಲೆಕ್ಕವೆಲ್ಲ ಈ ಅಂಕಿಯ ಮೇಲೆಯೇ)

ನಿಮಗೆ ಏನಾಗಿತ್ತು

ಹೃದಯ ರಕ್ತವನ್ನು ಪಂಪ್ ಮಾಡುವ ಶಕ್ತಿ ಕಡಿಮೆಯಾಗಿದೆ. ಇದನ್ನು ಹಾರ್ಟ್ ಫೇಲ್ಯೂರ್ ಎನ್ನುತ್ತಾರೆ. ಹೃದಯ ನಿಂತುಹೋಗಿದೆ ಎಂದು ಇದರ ಅರ್ಥವಲ್ಲ. ಎಕೋ ಪರೀಕ್ಷೆಯಲ್ಲಿ ಪಂಪಿಂಗ್ 35% ಇತ್ತು; ಸಾಮಾನ್ಯವಾಗಿ 55ರ ಆಸುಪಾಸು ಅಥವಾ ಹೆಚ್ಚಿರುತ್ತದೆ. ರಕ್ತ ಮುಂದೆ ಸಾಗದೆ ಹಿಂದೆ ಒತ್ತಿದ್ದರಿಂದ ಶ್ವಾಸಕೋಶದಲ್ಲೂ ಕಾಲಲ್ಲೂ ನೀರು ಸೇರಿತು. ಮಲಗಿದರೆ ಉಸಿರು ಕಟ್ಟುತ್ತಿದ್ದುದು ಅದಕ್ಕೇ. ಇಸಿಜಿ ಮತ್ತು ಟ್ರೋಪೋನಿನ್ ಪರೀಕ್ಷೆಗಳಲ್ಲಿ ಹೃದಯಾಘಾತದ ಗುರುತು ಇಲ್ಲ. ಬಿ.ಪಿ. ಹಳೆಯದು.

ಈ ಸಲ ಹೆಚ್ಚಾಗಲು ಎರಡು ಕಾರಣ ಸಿಕ್ಕಿವೆ. ಮಂಡಿನೋವಿಗೆ ಹತ್ತು ದಿನ ಡೈಕ್ಲೋಫೆನಾಕ್ ನುಂಗಿದ್ದೀರಿ. ಅದು ಮೂತ್ರಪಿಂಡದ ಮೂಲಕ ಉಪ್ಪು, ನೀರು ಹೊರಹೋಗದಂತೆ ತಡೆಯುತ್ತದೆ. ಊತ ಇಳಿಯಿತೆಂದು ನೀರಿನ ಮಾತ್ರೆಯನ್ನೂ ನಿಲ್ಲಿಸಿದ್ದಿರಿ.

ಇಲ್ಲಿ ಕೊಟ್ಟ ಚಿಕಿತ್ಸೆ

ಮೊದಲ ಎರಡು ದಿನ ಆಮ್ಲಜನಕ. ಫ್ಯೂರೋಸೆಮೈಡ್ 40 ಮಿ.ಗ್ರಾಂ ಇಂಜೆಕ್ಷನ್ ಮೂರು ದಿನ, ದಿನಕ್ಕೆ ಎರಡು ಸಲ, ಆಮೇಲೆ ಮಾತ್ರೆ.

| | ಬಂದಾಗ | ಹೊರಡುವಾಗ |
|---|---|---|
| ತೂಕ | 74.2 ಕೆ.ಜಿ. | 68.6 ಕೆ.ಜಿ. |
| ಬಿ.ಪಿ. | 168/98 | 118/74 |
| ರಕ್ತದ ಆಮ್ಲಜನಕ | 86% | 97% (ಆಮ್ಲಜನಕವಿಲ್ಲದೆ) |
| ಕ್ರಿಯಾಟಿನಿನ್ | 1.4 | 1.2 |
| ಪೊಟ್ಯಾಸಿಯಂ | 4.0 | 4.3 |

ಮನೆಯಲ್ಲಿ ತೆಗೆದುಕೊಳ್ಳುವ ಮಾತ್ರೆಗಳು

1. ಫ್ಯೂರೋಸೆಮೈಡ್ 40 ಮಿ.ಗ್ರಾಂ: ಬೆಳಿಗ್ಗೆ 1. ನೀರನ್ನು ಮೂತ್ರದಲ್ಲಿ ಹೊರಹಾಕುತ್ತದೆ. ರಾತ್ರಿ ನುಂಗಿದರೆ ನಿದ್ದೆ ಕೆಡುತ್ತದೆ.
2. ಬಿಸೊಪ್ರೊಲಾಲ್ 1.25 ಮಿ.ಗ್ರಾಂ (ಹೊಸದು): ಬೆಳಿಗ್ಗೆ 1. ಬಡಿತವನ್ನು ನಿಧಾನಗೊಳಿಸುತ್ತದೆ. ತಾವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ.
3. ಸ್ಪೈರೊನೊಲ್ಯಾಕ್ಟೋನ್ 25 ಮಿ.ಗ್ರಾಂ (ಹೊಸದು): ತಿಂಡಿಯಾದ ಮೇಲೆ 1. ಪೊಟ್ಯಾಸಿಯಂ ಏರಬಹುದು, ಆದ್ದರಿಂದ ‘ಕಡಿಮೆ ಸೋಡಿಯಂ’ ಉಪ್ಪು ಬೇಡ, ಅದರಲ್ಲಿರುವುದು ಪೊಟ್ಯಾಸಿಯಂ. ಎದೆಯ ತೊಟ್ಟಿನ ಬಳಿ ನೋವು, ಊತ ಬಂದರೆ ತಿಳಿಸಿ.
4. ಡಾಪಾಗ್ಲಿಫ್ಲೋಜಿನ್ 10 ಮಿ.ಗ್ರಾಂ (ಹೊಸದು): ಬೆಳಿಗ್ಗೆ 1. ಔಷಧದಂಗಡಿಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಎಂದರೆ ಗಾಬರಿಯಾಗಬೇಡಿ. ನಿಮಗೆ ಸಕ್ಕರೆ ಕಾಯಿಲೆ ಇಲ್ಲ, ಇದು ಹೃದಯಕ್ಕಾಗಿ. ಜನನಾಂಗದಲ್ಲಿ ತುರಿಕೆ ಬಂದರೆ ಸಂಕೋಚಪಡದೆ ಹೇಳಿ.
5. ರಾಮಿಪ್ರಿಲ್ 2.5 ಮಿ.ಗ್ರಾಂ (ಹಳೆಯದೇ): ರಾತ್ರಿ 1. ಒಣಕೆಮ್ಮು ಬಿಡದಿದ್ದರೆ ಬದಲಿಸುತ್ತೇವೆ.

ನಿಲ್ಲಿಸಿದವು: ಆಮ್ಲೋಡಿಪಿನ್ (ಕಾಲು ಊದಿಸುತ್ತದೆ, ಬಿ.ಪಿ. ಈಗ ಹತೋಟಿಯಲ್ಲಿದೆ). ಡೈಕ್ಲೋಫೆನಾಕ್, ಐಬುಪ್ರೊಫೆನ್ ಇನ್ನು ಯಾವತ್ತೂ ಬೇಡ. ಮಂಡಿನೋವಿಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ, ಬೇಕಾದಾಗ ಒಂದು. ದಿನಕ್ಕೆ ನಾಲ್ಕು ಮೀರಬಾರದು. ಮನೆಯಲ್ಲಿ ಉಳಿದಿರುವ ಹಳೆಯ ಪಟ್ಟಿಗಳನ್ನು ಬೇರೆ ತೆಗೆದಿಡಿ, ಬೆರೆತುಹೋಗುತ್ತವೆ.

ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ವಾಂತಿ ಅಥವಾ ಭೇದಿ ಹಿಡಿದು ನೀರು ನಿಲ್ಲದ ದಿನ 1, 3, 4, 5ನೇ ಮಾತ್ರೆಗಳನ್ನು ತಡೆದು ಅದೇ ದಿನ ವಾರ್ಡಿಗೆ ಫೋನ್ ಮಾಡಿ. ದೇಹ ಒಣಗಿರುವಾಗ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು.

ದಿನವೂ ಮಾಡಬೇಕಾದ್ದು

ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮುಂಚೆ, ಒಂದೇ ತೂಕದ ಯಂತ್ರದಲ್ಲಿ ತೂಕ ನೋಡಿ ಬರೆದಿಡಿ. ಊತ ಕಣ್ಣಿಗೆ ಕಾಣುವ ಮೊದಲೇ ತೂಕ ಏರುತ್ತದೆ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ, ಅಂದರೆ 68.6 ಇದ್ದದ್ದು 70.6 ಆದರೆ, ಉಸಿರಾಟ ಸರಿಯಿದ್ದರೂ ಕಾಯದೆ ಫೋನ್ ಮಾಡಿ. ಉಪ್ಪು ಇಡೀ ದಿನಕ್ಕೆ ಒಂದು ಟೀ ಚಮಚಕ್ಕಿಂತ ಕಡಿಮೆ, ಅಡುಗೆಗೆ ಬಿದ್ದದ್ದೂ ಸೇರಿ. ನೀರು, ಟೀ, ಹಾಲು ಎಲ್ಲ ಕೂಡಿ ಒಂದೂವರೆ ಲೀಟರ್. ನಡಿಗೆ ಹತ್ತು ನಿಮಿಷದಿಂದ ಶುರುಮಾಡಿ. ನಡೆಯುತ್ತಾ ಮಾತಾಡಲು ಆಗದಿದ್ದರೆ ನಿಲ್ಲಿ.

ಕೂಡಲೇ ತುರ್ತು ವಿಭಾಗಕ್ಕೆ ಬನ್ನಿ

ಕೂತಲ್ಲೇ ಏದುಸಿರು, ಎದೆಯಲ್ಲಿ ಬಿಗಿತ ಅಥವಾ ನೋವು, ಪ್ರಜ್ಞೆ ತಪ್ಪುವುದು, ತುಟಿ ಅಥವಾ ನಾಲಿಗೆ ಊದುವುದು. ತಾವೇ ವಾಹನ ಓಡಿಸಿಕೊಂಡು ಬರಬೇಡಿ. ಎದ್ದು ನಿಂತಾಗ ತಲೆಸುತ್ತು ಬಂದರೆ ಕೂತು, ಬಿ.ಪಿ. ನೋಡಿಸಿ ಫೋನ್ ಮಾಡಿ.

ಮತ್ತೆ ಬರುವುದು

21-03-2025, ಶುಕ್ರವಾರ ಬೆಳಿಗ್ಗೆ 10ಕ್ಕೆ, ಹೃದ್ರೋಗ ಹೊರರೋಗಿ ವಿಭಾಗ. ಅಂದು ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಇದೆ. ಚೆನ್ನಾಗಿದ್ದೀರೆಂದು ತಪ್ಪಿಸಬೇಡಿ; ಪೊಟ್ಯಾಸಿಯಂ ಏರಿದ್ದು ಮೈಗೆ ತಿಳಿಯುವುದಿಲ್ಲ. ಅಂದಿನ ಮಾತ್ರೆಗಳನ್ನು ಎಂದಿನಂತೆ ತೆಗೆದುಕೊಂಡು, ತೂಕದ ಪುಸ್ತಕ ಮತ್ತು ಎಲ್ಲ ಮಾತ್ರೆಗಳೊಂದಿಗೆ ಬನ್ನಿ. ಮೂರು ತಿಂಗಳ ನಂತರ ಮತ್ತೆ ಎಕೋ.

ಈ ಹಾಳೆಯನ್ನು ರೋಗಿಗೂ ಅವರ ಮಗಳಿಗೂ ಓದಿ ಹೇಳಲಾಗಿದೆ. ಯಾವ ಮಾತ್ರೆ ಯಾವಾಗ, ತೂಕ ಎಷ್ಟಾದರೆ ಫೋನ್ ಎಂಬುದನ್ನು ಇಬ್ಬರೂ ತಿರುಗಿ ಸರಿಯಾಗಿ ಹೇಳಿದ್ದಾರೆ.