ರಾಜೀನಾಮೆ ಪತ್ರ

ಶಿವಮೊಗ್ಗ
2 ಜೂನ್ 2025

ಇಂದ,
ಚೇತನ್
ಸಾಫ್ಟ್‌ವೇರ್ ಎಂಜಿನಿಯರ್, ಅಡಿಕೆ ಬಿಲ್ಲಿಂಗ್ ತಂಡ

ಗೆ,
ಪ್ರಕಾಶ್ ಸರ್
ಎಂಜಿನಿಯರಿಂಗ್ ಮ್ಯಾನೇಜರ್, ಶಿವಮೊಗ್ಗ ಕಚೇರಿ
ಪ್ರತಿ: ಎಚ್‌ಆರ್ ವಿಭಾಗ

ವಿಷಯ: ಮುಂದಿನ ಓದಿಗಾಗಿ ಕೆಲಸಕ್ಕೆ ರಾಜೀನಾಮೆ

ಮಾನ್ಯರೇ,

ಎಂ.ಟೆಕ್ ಓದಲು ಹೋಗುತ್ತಿರುವುದರಿಂದ ಸಾಫ್ಟ್‌ವೇರ್ ಎಂಜಿನಿಯರ್ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ಇವತ್ತಿನಿಂದ 45 ದಿನಗಳ ನೋಟಿಸ್ ಅವಧಿಯನ್ನು ಪೂರ್ತಿ ಮುಗಿಸುತ್ತೇನೆ. ಜುಲೈ 16, ಬುಧವಾರ ನನ್ನ ಕೊನೆಯ ದಿನ.

ಶನಿವಾರ ರಾತ್ರಿ ನಿಮಗೆ ವಾಟ್ಸಾಪ್‌ನಲ್ಲಿ "ಸರ್ ಸೀಟ್ ಸಿಕ್ತು! ಜುಲೈಗೆ ಬಿಡ್ತೀನಿ. ಸುಹಾಸ್ ಎಲ್ಲ ನೋಡ್ಕೊಳ್ತಾನೆ" ಎಂದು ಕಳಿಸಿದ್ದೆ. ಸೀಟು ಸಿಕ್ಕ ಖುಷಿಯಲ್ಲಿ ಬರೆದಿದ್ದು. ಮೂರು ವರ್ಷ ಜೊತೆಗೆ ಕೂತು ಕೆಲಸ ಕಲಿಸಿದವರಿಗೆ ಮೂರು ತುಂಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಸುಹಾಸ್‌ನನ್ನು ಕೇಳದೆಯೇ ಅವನ ಹೆಸರು ಹೇಳಿದ್ದೂ ತಪ್ಪು. ನಿನ್ನೆ ಅವನ ಹತ್ತಿರ ಮಾತಾಡಿದೆ. ಏನು ಒಪ್ಪಿದ್ದಾನೆ ಅನ್ನುವುದನ್ನು ಕೆಳಗೆ ಬರೆದಿದ್ದೇನೆ.

ಸೀಟು ಸಿಕ್ಕಿರುವುದು ಬೆಂಗಳೂರಿನ ಐಐಎಸ್‌ಸಿಯಲ್ಲಿ, ಕಂಪ್ಯೂಟರ್ ಸೈನ್ಸ್ ಎಂ.ಟೆಕ್‌ಗೆ. ಫೆಬ್ರವರಿಯಲ್ಲಿ ಬರೆದ ಗೇಟ್ ಪರೀಕ್ಷೆಯ ಅಂಕದ ಮೇಲೆ. ಎರಡು ವರ್ಷದ ಕೋರ್ಸು, ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್. ಆಗಸ್ಟ್‌ನಲ್ಲಿ ಕ್ಲಾಸು ಶುರು.

ಸಂಬಳ ಬರುವ ಕೆಲಸ ಬಿಟ್ಟು ಯಾಕೆ ಎಂದು ಮನೆಯಲ್ಲಿ ಅಪ್ಪಯ್ಯನೂ ಕೇಳಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. 2023ರ ಮಳೆಗಾಲದಲ್ಲಿ ಹೊಸನಗರದ ಕಡೆಯ ಒಂದು ಸೊಸೈಟಿಯಲ್ಲಿ ಎರಡು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಆಗಿತ್ತು, ನೆನಪಿದೆಯಲ್ವಾ? ಎರಡು ಟ್ಯಾಬ್‌ಗಳಲ್ಲಿ ಆಫ್‌ಲೈನ್ ಎಂಟ್ರಿ ನಡೆಯಿತು. ಒಂದರಲ್ಲಿ ರಾಶಿ ಅಡಿಕೆಯ ತೂಕ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದರಲ್ಲಿ ಅದೇ ತೂಕವನ್ನು ಸರಿ ಮಾಡಿದರು. ಮೊದಲನೇ ಟ್ಯಾಬ್‌ನ ಗಡಿಯಾರ 20 ನಿಮಿಷ ಮುಂದಿತ್ತು. ಸಿಂಕ್ ಆದಾಗ ನಮ್ಮ ಕೋಡ್ ಹಳೇ ತೂಕವನ್ನೇ ಹೊಸದು ಅಂದುಕೊಂಡು ಉಳಿಸಿಕೊಂಡಿತು. ರೈತರಿಗೆ 38 ಕೆ.ಜಿ. ಕಡಿಮೆ ಬಿಲ್ಲಾಯಿತು. ಅವರು ತೂಕದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದರಿಂದ ಗೊತ್ತಾಯಿತು. ಇಲ್ಲದಿದ್ದರೆ ಸುಮಾರು 20 ಸಾವಿರ ರೂಪಾಯಿ ಹೋಗುತ್ತಿತ್ತು. ಆ ಕೋಡ್ ಬರೆದವನು ನಾನು.

ಗಡಿಯಾರವನ್ನು ನಂಬುವುದು ಬಿಟ್ಟು ಪ್ರತಿ ಟ್ಯಾಬ್‌ನ ಎಂಟ್ರಿಗಳಿಗೂ ಅದರದೇ ಎಣಿಕೆ ಕೊಟ್ಟೆವು. ಒಂದೇ ಲಾಟ್‌ಗೆ ಎರಡು ಕಡೆ ಬೇರೆ ಬೇರೆ ತೂಕ ಬಂದರೆ ಎರಡನ್ನೂ ತೋರಿಸಿ, ಗುಮಾಸ್ತರೇ ಆರಿಸಲಿ ಎಂದು ಮಾಡಿದೆವು. ಆಮೇಲೆ ಓದುತ್ತಾ ಹೋದಾಗ, ಲೆಸ್ಲಿ ಲ್ಯಾಂಪೋರ್ಟ್ ಎಂಬುವರು 1978ರಲ್ಲೇ ಇದೇ ಪ್ರಶ್ನೆ ಎತ್ತಿಕೊಂಡಿದ್ದು ಸಿಕ್ಕಿತು: ಗಡಿಯಾರ ನೋಡದೆ, ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಗೆ ಹೇಳುವುದು? ನಾವು ತಡವರಿಸಿ ಕಂಡುಕೊಂಡ ಉಪಾಯದ ಬುಡ ಅಲ್ಲಿತ್ತು. ಅವತ್ತಿನಿಂದ ಇದನ್ನು ಸರಿಯಾಗಿ ಕಲಿಯಬೇಕು ಅನ್ನಿಸಿದೆ. ಕೆಲಸ ಮುಗಿಸಿ ರಾತ್ರಿ ಓದಿದರೆ ಸಾಕಾಗುತ್ತಿಲ್ಲ ಸರ್.

ಈಗ ಕೆಲಸ ವಹಿಸಿಕೊಡುವ ವಿಷಯ. ಸಿಂಕ್ ಭಾಗವನ್ನು ಸುಹಾಸ್ ನೋಡಿಕೊಳ್ಳಲು ಒಪ್ಪಿದ್ದಾನೆ. ಆದರೆ ಎರಡು ವಾರ ನನ್ನ ಪಕ್ಕ ಕೂತು, ಆಮೇಲೆ ಎರಡು ವಾರ ಅವನೇ ಮಾಡಿ ನಾನು ಪಕ್ಕದಲ್ಲಿರಬೇಕು ಎಂದು ಕೇಳಿದ್ದಾನೆ. ಅದು ನ್ಯಾಯ. ಹಳೇ ನುಡಿ ಫಾಂಟ್‌ನ ಲೆಕ್ಕವನ್ನು ಯೂನಿಕೋಡ್‌ಗೆ ತರುವ ಕೆಲಸ ಮೂರು ಸೊಸೈಟಿಗಳದ್ದು ಬಾಕಿ ಇದೆ. ಎರಡನ್ನು ನಾನೇ ಮುಗಿಸುತ್ತೇನೆ, ಕೊನೆಯದು ರಶ್ಮಿ ಅವರಿಗೆ. ಕೃಷ್ಣಮೂರ್ತಿ, ಪಾರ್ವತಮ್ಮ ಥರ ಅರ್ಕಾವತ್ತು ಬರುವ ಹೆಸರುಗಳು ಒಡೆದು ಹೋಗುತ್ತವೆ. ಅವನ್ನು ಪ್ರೋಗ್ರಾಂಗೆ ಬಿಡದೆ ಕಣ್ಣಿಂದಲೇ ಒಂದೊಂದಾಗಿ ನೋಡಬೇಕು. ತಪ್ಪಾಗಿದ್ದ ಹೆಸರುಗಳ ಪಟ್ಟಿ ಬರೆದಿಟ್ಟಿದ್ದೇನೆ. ಸರ್ವರ್ ಪಾಸ್‌ವರ್ಡ್‌ಗಳನ್ನು ನಿಮ್ಮ ಎದುರೇ ಬದಲಾಯಿಸಿ ಕೊಡುತ್ತೇನೆ. ಲ್ಯಾಪ್‌ಟಾಪ್ ಕೊನೆಯ ದಿನ ವಾಪಸ್.

ರಿಲೀವಿಂಗ್ ಲೆಟರ್ ಮತ್ತು ಅನುಭವ ಪತ್ರ ಜುಲೈ ಕೊನೆಯೊಳಗೆ ಸಿಕ್ಕರೆ ಅನುಕೂಲ.

ಊರು ಬಿಡದೆ ಇಂಥ ಕೆಲಸ ಮಾಡಲು ಸಿಕ್ಕಿದ್ದು ನನಗೆ ಸಣ್ಣ ವಿಷಯವಲ್ಲ. ಅಪ್ಪಯ್ಯನ ಆಪರೇಷನ್ ಆದ ವರ್ಷ ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ತೀರ್ಥಹಳ್ಳಿ ಬಸ್ ಹತ್ತಲು ಬಿಟ್ಟಿರಿ. ಒಂದು ಸಲವೂ ಯಾಕೆ ಎಂದು ಕೇಳಲಿಲ್ಲ. ತುಂಬಾ ಥ್ಯಾಂಕ್ಸ್ ಸರ್. ಅಡಿಕೆ ಸೀಸನ್‌ನಲ್ಲಿ ಸಿಂಕ್ ಕೈಕೊಟ್ಟರೆ ಸುಹಾಸ್ ನನಗೆ ಫೋನ್ ಮಾಡಲಿ, ನಂಬರ್ ಬದಲಾಗುವುದಿಲ್ಲ.

ರಾಜೀನಾಮೆಯನ್ನು ಒಪ್ಪಿಕೊಂಡು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಚೇತನ್