ಕೊನೆಯ ಒಂಟೆ

ನನ್ನ ಗಡಿಯಾರದಲ್ಲಿ ಒಂದು ನಿಮಿಷ ನಲವತ್ತು ಸೆಕೆಂಡು. ಸೀತಾರಾಮಣ್ಣನದ್ದರಲ್ಲಿ ಆರು ನಿಮಿಷದ ಮೇಲಿದೆ. ಒಂದೊಂದು ನಡೆಗೆ ಹತ್ತು ಸೆಕೆಂಡು ಸೇರುತ್ತದೆ ನಿಜ, ಆದರೆ ಸೋಲುವವನಿಗೆ ಹತ್ತು ಸೆಕೆಂಡು ಯಾವ ಮೂಲೆಗೆ?

ಚೆಸ್ ಟೂರ್ನಿಯ ಕೊನೆಯ, ಏಳನೇ ಸುತ್ತು. ಬದಿಯಡ್ಕ ಪೇಟೆಯ ಈ ಹಾಲ್‌ನಲ್ಲಿ ಉಳಿದ ಬೋರ್ಡುಗಳೆಲ್ಲ ಮುಗಿದಿವೆ. ಆಟ ಮುಗಿಸಿದ ಮಕ್ಕಳು ನಮ್ಮ ಸುತ್ತ ಗುಂಪು ಕಟ್ಟಿದ್ದಾರೆ. ಆರ್ಬಿಟರ್ ‘ಒಚ್ಚ ವೇಂಡ’ ಎಂದು ಮಲೆಯಾಳದಲ್ಲಿ ಗದರಿದರು, ಮತ್ತೆ ನಮಗಾಗಿ ‘ಶಬ್ದ ಬೇಡ’ ಎಂದರು. ಹೊರಗೆ ಶೀಟಿನ ಮೇಲೆ ಮಳೆ ಬಾರಿಸುತ್ತಿದೆ. ಅದಕ್ಕೆ ಯಾರು ಹೇಳುವುದು?

ನನಗೆ ಐದೂವರೆ ಅಂಕ, ಅವರಿಗೆ ಐದು. ಉಳಿದವರು ಯಾರೂ ಹತ್ತಿರವಿಲ್ಲ. ಡ್ರಾ ಆದರೂ ಕಪ್ ನನ್ನದೇ. ಡ್ರಾ ಸಾಕಪ್ಪ, ಡ್ರಾ!

ಬೋರ್ಡಿನ ಮೇಲೆ ಉಳಿದಿರುವುದು ಇಷ್ಟು: ಅವರ ಬಿಳಿ ರಾಜ, ಒಂದು ಒಂಟೆ, ಅವರ ಬಲಗಡೆಯ ಅಂಚಿನಲ್ಲಿ ಒತ್ತಿಕೊಂಡು ನಿಂತ ಎರಡು ಕಾಲಾಳು. ನನಗೆ ಒಂದು ರಾಜ, ಒಂದು ಕುದುರೆ. ನೋಡಿದವರು ಯಾರಾದರೂ ಭಟ್ರ ಕಥೆ ಮುಗಿಯಿತು ಎನ್ನುತ್ತಾರೆ.

ಆದರೆ ಒಂದು ಗುಟ್ಟಿದೆ. ಆ ಒಂಟೆ ಬಿಳಿ ಮನೆಗಳಲ್ಲೇ ಓಡಾಡುವುದು. ಅಂಚಿನ ಕಾಲಾಳು ರಾಣಿಯಾಗಬೇಕಾದ ಮೂಲೆಮನೆ ಕಪ್ಪು. ಒಳಗಿನ ಕಾಲಾಳನ್ನು ಕುದುರೆ ಕೊಟ್ಟಾದರೂ ಕಿತ್ತು, ನನ್ನ ರಾಜ ಆ ಮೂಲೆಯಲ್ಲಿ ಹೋಗಿ ಕೂತರೆ ಅವನನ್ನು ಎಬ್ಬಿಸಲು ಆ ಒಂಟೆಯಿಂದ ಸಾಧ್ಯವೇ ಇಲ್ಲ. ಒಂಟೆ, ಕಾಲಾಳು ಎರಡೂ ಜಾಸ್ತಿ ಇದ್ದರೂ ಡ್ರಾ.

ಇದನ್ನು ಸೀತಾರಾಮಣ್ಣನಿಗೆ ಹೇಳಿಕೊಟ್ಟವನು ನಾನೇ. ಹೋದ ಮಳೆಗಾಲದಲ್ಲಿ, ಅವರ ಅಡಿಕೆ ಅಂಗಡಿಯಲ್ಲಿ, ಗೋಣಿಚೀಲದ ಮೇಲೆ ಬೋರ್ಡಿಟ್ಟು. ಅವರು ‘ಹೌದಾ?’ ಎಂದು ಒಂದೇ ಮಾತು ಹೇಳಿ ಚಹಾ ತರಿಸಿದ್ದರು. ಮರೆತಿರಬೇಕು ಅಂತ ನನ್ನ ಆಸೆ. ನನ್ನ ಚಾಲಿ ಅಡಿಕೆಯ ರೇಟನ್ನು ಅವರು ಎಂದೂ ಮರೆತದ್ದಿಲ್ಲ, ಅದು ಬೇರೆ ವಿಷಯ.

ಕುದುರೆ ಎತ್ತಿದೆ. ಬೆಳಿಗ್ಗೆ ತೋಟಕ್ಕೆ ಮದ್ದು ಬಿಡಿಸಿ ಬಂದವನು ನಾನು. ಎಷ್ಟು ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಮೈಲುತುತ್ತಿನ ನೀಲಿ ಉಳಿದಿದೆ. ಕೈ ನಡುಗಿದ್ದು ಎಲ್ಲರಿಗೂ ಕಂಡಿರಬೇಕು. ಕುದುರೆಯನ್ನು ನನ್ನ ರಾಜನ ಪಕ್ಕದಲ್ಲೇ ಇಟ್ಟೆ. ಅಲ್ಲಿಂದ ಅದು ಒಳಗಿನ ಕಾಲಾಳಿಗೆ ಗುರಿಯಿಟ್ಟಿದೆ. ಅವರ ಒಂಟೆ ಅದನ್ನು ಹೊಡೆಯಬಹುದು, ಆದರೆ ಹೊಡೆದರೆ ನನ್ನ ರಾಜ ಒಂಟೆಯನ್ನು ತಿನ್ನುತ್ತಾನೆ. ಮಾಲು ಕಳೆದುಕೊಳ್ಳುವ ವ್ಯಾಪಾರಿ ಅಲ್ಲ ಸೀತಾರಾಮಣ್ಣ.

ಗಡಿಯಾರ ಒತ್ತಿದೆ.

ಅವರು ಆಡಲಿಲ್ಲ. ಮೇಜಿನ ಬದಿಯಲ್ಲಿ ಬಿದ್ದಿದ್ದ ಸತ್ತ ಕಾಯಿಗಳನ್ನು ಬೆರಳಲ್ಲಿ ಒಂದೊಂದಾಗಿ ಸರಿಸತೊಡಗಿದರು. ಆನೆಗಳು ಒಂದು ಕಡೆ, ಕಾಲಾಳುಗಳು ಇನ್ನೊಂದು ಕಡೆ. ಅಂಗಡಿಯಲ್ಲೂ ಹೀಗೆಯೇ. ಅಡಿಕೆ ರಾಶಿಯೊಳಗೆ ಕೈ ಹಾಕಿ ಪಟೋರ, ಉಳ್ಳಿ, ಕರಿಗೋಟು ಎಂದು ಬೇರೆ ಮಾಡುವಾಗ ಅವರ ಮುಖದಲ್ಲಿ ಏನೂ ಕಾಣುವುದಿಲ್ಲ. ಕೊನೆಗೆ ಒಂದು ಬೆಲೆ ಹೇಳುತ್ತಾರೆ, ನಾವು ಸುಮ್ನೆ ತಲೆ ಆಡಿಸಬೇಕು.

ಐದು ನಿಮಿಷ. ನಾಲ್ಕು. ಹಿಂದೆ ನಿಂತ ಹುಡುಗನೊಬ್ಬ ಕೆಮ್ಮಿದ.

ಸೀತಾರಾಮಣ್ಣ ಮೂಲೆಮನೆಯನ್ನು ನೋಡಿದರು. ಆಮೇಲೆ ಒಂಟೆಯನ್ನು. ಮತ್ತೆ ಮೂಲೆಮನೆ. ನನ್ನ ಹೊಟ್ಟೆಯೊಳಗೆ ಏನೋ ಕುಸಿಯಿತು. ನೆನಪಿದೆ ಇವರಿಗೆ. ಗೋಣಿಚೀಲ, ಚಹಾ, ನನ್ನ ಪಾಠ, ಎಲ್ಲ ನೆನಪಿದೆ.

ಒಂಟೆಯಿಂದ ಕುದುರೆಯನ್ನು ಹೊಡೆದರು. ಉಳ್ಳಿ ಬಿಸಾಡಿದ ಹಾಗೆ, ಒಂದು ಚೂರೂ ಬೇಜಾರಿಲ್ಲದೆ.

ನಾನು ರಾಜನಿಂದ ಒಂಟೆಯನ್ನು ತೆಗೆದೆ. ಬೇರೆ ಏನಿದೆ ಮಾಡಲು? ಈಗ ಉಳಿದದ್ದು ಅವರ ರಾಜ, ಅಕ್ಕಪಕ್ಕದ ಎರಡು ಕಾಲಾಳು. ಎದುರಿಗೆ ನನ್ನ ಒಂಟಿ ರಾಜ. ಒಬ್ಬನನ್ನು ಹಿಡಿಯಲು ಹೋದರೆ ಇನ್ನೊಬ್ಬ ಓಡುತ್ತಾನೆ.

ಇನ್ನೂ ಏಳೆಂಟು ನಡೆ ಎಳೆದೆ. ಎಲ್ಲಾದರೂ ಅವಸರದಲ್ಲಿ ನನ್ನ ರಾಜನಿಗೆ ಚೆಕ್ ಇಲ್ಲದೆ ದಾರಿ ಮುಚ್ಚಿಬಿಟ್ಟರೆ ಡ್ರಾ ಸಿಗುತ್ತದಲ್ವಾ? ಅವರು ಪ್ರತಿ ನಡೆಗೂ ಮೊದಲು ನನ್ನ ರಾಜನಿಗೆ ಹೋಗಲು ಮನೆ ಇದೆಯಾ ಎಂದು ಕಣ್ಣಲ್ಲೇ ಎಣಿಸಿದರು. ನಲವತ್ತು ಸೆಕೆಂಡು ಉಳಿದಿರುವಾಗ ನಾನು ಗಡಿಯಾರ ನಿಲ್ಲಿಸಿ ಕೈ ಚಾಚಿದೆ.

“ಬಾರೀ ಪಾಯಿಂಟು ಹೇಳಿಕೊಟ್ಟಿದ್ರಿ ಭಟ್ರೇ” ಎಂದರು ಸೀತಾರಾಮಣ್ಣ, ನಗದೆ.

ಚೀಟಿಗೆ ಸಹಿ ಹಾಕಿದೆ. ಅವರು ಕಾಯಿಗಳನ್ನು ಪೆಟ್ಟಿಗೆಗೆ ತುಂಬಿಸತೊಡಗಿದರು. ಒಂದು ಕಡಿಮೆ ಬಂತು. ಮತ್ತೆ ಎಣಿಸಿದರು. ಬಗ್ಗಿ ಮೇಜಿನಡಿ ನೋಡಿದರು.

“ಒಂದು ಬಿಳಿ ಒಂಟೆ ಎಲ್ಲಿ?”

ಅದು ನನ್ನ ಮುಷ್ಟಿಯಲ್ಲೇ ಇತ್ತು. ಬೆವರಿಗೆ ಉಗುರಿನ ಬಣ್ಣ ಇಳಿದು ಅದರ ಕುತ್ತಿಗೆಗೆ ಸಣ್ಣ ನೀಲಿ ಗೆರೆ ಹತ್ತಿತ್ತು. ಪಂಚೆಯ ಅಂಚಿನಲ್ಲಿ ಎರಡು ಸಲ ಒರೆಸಿ ಅವರ ಅಂಗೈಯಲ್ಲಿಟ್ಟೆ.