ಗೃಹಪ್ರವೇಶದ ಆಮಂತ್ರಣ

॥ ಶ್ರೀ ಮಹಾಗಣಪತಯೇ ನಮಃ ॥
॥ ಶ್ರೀ ಗುರುಭ್ಯೋ ನಮಃ ॥

ಮಾನ್ಯರೇ,

ಅಡೂರು, ಮಧೂರು, ಕಾವು, ಕಣ್ಯಾರದ ದೇವರ ಅನುಗ್ರಹದಿಂದ, ಗುರುಹಿರಿಯರ ಆಶೀರ್ವಾದದಿಂದ, ನೀರ್ಚಾಲು ಸಮೀಪದ ಪಡುಮೂಲೆಯಲ್ಲಿ ನಾವು ಕಟ್ಟಿಸಿದ ಹೊಸ ಮನೆ

‘ಹಿಂಗಾರ’ದ ಗೃಹಪ್ರವೇಶವು

ಸ್ವಸ್ತಿ ಶ್ರೀ ವಿಶ್ವಾವಸು ಸಂವತ್ಸರದ ಕುಂಭ ಮಾಸ, ಫಾಲ್ಗುಣ ಶುಕ್ಲ ದಶಮಿ, ತಾರೀಕು 26-02-2026ನೇ ಗುರುವಾರ ಬೆಳಿಗ್ಗೆ ಗಂಟೆ 8.24ರ ಮೀನ ಲಗ್ನದ ಶುಭ ಮುಹೂರ್ತದಲ್ಲಿ ನಡೆಯಲಿದೆ.

ಈ ಶುಭ ಸಮಾರಂಭಕ್ಕೆ ತಾವು ಸಕುಟುಂಬ ಸಪರಿವಾರ ಸಮೇತರಾಗಿ ಮುಂಚಿತವಾಗಿಯೇ ದಯಮಾಡಿಸಿ, ನಮ್ಮೊಂದಿಗಿದ್ದು ಎಲ್ಲ ಕಾರ್ಯಗಳನ್ನು ಚೆಂದಗಾಣಿಸಿಕೊಟ್ಟು, ನಮ್ಮನ್ನು ಹರಸಬೇಕಾಗಿ ಕೈಮುಗಿದು ವಿನಂತಿಸುತ್ತೇವೆ.

ಕಾರ್ಯಕ್ರಮಗಳು

25-02-2026ನೇ ಬುಧವಾರ
ಸಂಜೆ ಗಂಟೆ 5ಕ್ಕೆ ಮನೆ ಕಟ್ಟಿದ ಕೆಲಸದವರಿಗೆ ಗೌರವಾರ್ಪಣೆ
ಸಂಜೆ ಗಂಟೆ 6.30ರಿಂದ ರಾಕ್ಷೋಘ್ನ ಹೋಮ, ವಾಸ್ತುಪೂಜೆ, ವಾಸ್ತುಬಲಿ
ರಾತ್ರಿ ಊಟ

26-02-2026ನೇ ಗುರುವಾರ
ಬೆಳಿಗ್ಗೆ ಗಂಟೆ 6ರಿಂದ ಗಣಪತಿ ಹೋಮ
ಗಂಟೆ 8.24ಕ್ಕೆ ಗೃಹಪ್ರವೇಶ, ಹಾಲು ಉಕ್ಕಿಸುವುದು
ಗಂಟೆ 10ರಿಂದ ಶ್ರೀ ಸತ್ಯನಾರಾಯಣ ಪೂಜೆ
ಮಧ್ಯಾಹ್ನ ಗಂಟೆ 12.30ಕ್ಕೆ ಮಹಾಮಂಗಳಾರತಿ, ಪ್ರಸಾದ ವಿತರಣೆ, ಭೋಜನ
ಸಂಜೆ ಗಂಟೆ 5ರಿಂದ ಯಕ್ಷಗಾನ ತಾಳಮದ್ದಳೆ

ಇಷ್ಟು ಹೇಳಿದರೆ ಆಮಂತ್ರಣ ಮುಗಿಯುತ್ತದೆ. ಆದರೆ ಈ ಮನೆಯ ಹಿಂದೆ ತಮ್ಮಲ್ಲಿ ಅನೇಕರ ಪ್ರೀತಿ, ಸಹಾಯ ಇದೆ. ಹಾಗಾಗಿ ನಾಲ್ಕು ಮಾತು ಬರೆಯುತ್ತಿದ್ದೇವೆ. ದಯವಿಟ್ಟು ಓದಬೇಕು.

ಪಡುಮೂಲೆಯ ಹಳೆಯ ಮನೆಯನ್ನು ನಮ್ಮ ತೀರ್ಥರೂಪರಾದ ಕೀರ್ತಿಶೇಷ ಶಂಕರನಾರಾಯಣ ಭಟ್ಟರು ಕಟ್ಟಿಸಿದ್ದು 1956ರಲ್ಲಿ. ಅದೇ ವರ್ಷ ನವೆಂಬರ್ 1ರಂದು ನಮ್ಮ ಊರು ಕೇರಳ ರಾಜ್ಯಕ್ಕೆ ಸೇರಿತು. ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಉದ್ದದ ಜಗಲಿ. ಆ ಜಗಲಿಯಲ್ಲಿ ಕೂತು ಮಾತಾಡದ ನೆಂಟರು ನಮಗಿಲ್ಲ. ತಾವೂ ಅಲ್ಲಿ ಎಲೆ ಅಡಿಕೆ ಹಾಕಿದ್ದೀರಿ, ಮಳೆಗಾಲದ ರಾತ್ರಿ ತಂದೆಯವರ ಜೊತೆ ತಾಳಮದ್ದಳೆಯ ಅರ್ಥ ಹೇಳಿದ್ದೀರಿ, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದೀರಿ. ಮಾಡಿನ ಪಕಾಸುಗಳಿಗೆ ಗೆದ್ದಲು ಹಿಡಿದು, ಹಿಂಬದಿಯ ಗೋಡೆ ವಾಲತೊಡಗಿದಾಗ ಬೇರೆ ದಾರಿ ಇರಲಿಲ್ಲ. ಬಿಚ್ಚಲೇಬೇಕಾಯಿತು.

ಬಿಚ್ಚಿದ್ದನ್ನೆಲ್ಲ ಎಸೆಯಬಾರದು ಎಂದು ನಮ್ಮ ಮಾತೃಶ್ರೀಯವರು ಮೊದಲೇ ಹೇಳಿದ್ದರು. ಅವರ ಮಾತಿನಂತೆ ಹಳೆಯ ಹೆಬ್ಬಾಗಿಲು ಹೊಸ ಮನೆಯಲ್ಲೂ ಹೆಬ್ಬಾಗಿಲಾಗಿಯೇ ಇದೆ. ಚಾವಡಿಯ ಎರಡು ಹಲಸಿನ ಕಂಬಗಳೂ ಉಳಿದಿವೆ. ಗಟ್ಟಿಯಿದ್ದ ಮುರಕಲ್ಲುಗಳನ್ನು ಅಂಗಳದ ಕಟ್ಟೆಗೆ ಬಳಸಿದ್ದೇವೆ. ಹಿಂದಿನ ಗುಡ್ಡದ ಸುರಂಗವನ್ನು ಮುಟ್ಟಿಲ್ಲ. ಅಜ್ಜನ ಕಾಲದಲ್ಲಿ ತೋಡಿದ ಅದರ ನೀರೇ ಇಂದಿಗೂ ಮನೆಗೆ, ತೋಟಕ್ಕೆ ಬರುತ್ತಿದೆ. ದೇವರ ಅಭಿಷೇಕಕ್ಕೂ ತಮ್ಮ ಕುಡಿಯುವ ನೀರಿಗೂ ಅಂದು ಅದೇ ಸುರಂಗದ ನೀರು.

2025ರಲ್ಲಿ ಮಧೂರಿನ ಮೂಡಪ್ಪ ಸೇವೆಗೆ ಹೋಗಿ, ಮುಂದಿನ ಬೇಸಿಗೆಯೊಳಗೆ ಒಕ್ಕಲಾಗುವಂತಾಗಲಿ ಎಂದು ಪ್ರಾರ್ಥಿಸಿ ಬಂದಿದ್ದೆವು. ದೇವರು ನಡೆಸಿಕೊಟ್ಟಿದ್ದಾರೆ.

ಬುಧವಾರ ಸಂಜೆಯ ಗೌರವಾರ್ಪಣೆ ನಮಗೆ ಬಹಳ ಮುಖ್ಯ. ಕಲ್ಲು ಕಟ್ಟಿದ ಮೇಸ್ತ್ರಿಗಳು, ಮರ ಕೆತ್ತಿದ ಆಚಾರಿಗಳು, ಮಣ್ಣು ಹೊತ್ತವರು, ಕರೆಂಟಿನ ಕೆಲಸದವರು, ಬಣ್ಣ ಬಳಿದವರು ಎಲ್ಲರೂ ಅಂದು ಮನೆಯವರ ಜೊತೆ ಬರುತ್ತಾರೆ. ಅವರಿಗೆ ಶಾಲು, ತಾಂಬೂಲ ಕೊಟ್ಟು, ಅವರ ಸಂತೋಷ ಪಡೆದ ಮೇಲೆಯೇ ವಾಸ್ತುಪೂಜೆ. ಸಾಧ್ಯವಾದವರು ಆ ಹೊತ್ತಿಗೇ ದಯಮಾಡಿಸಿದರೆ ನಮಗೆ ಜಾಸ್ತಿ ಸಂತೋಷ.

ನೆರೆಕರೆಯವರಿಗೆ ಏನು ಹೇಳುವುದು? ಮನೆ ಬಿಚ್ಚಿದ ದಿನದಿಂದ ನಮ್ಮ ಸಾಮಾನುಗಳೆಲ್ಲ ತಮ್ಮ ಅಟ್ಟಗಳಲ್ಲಿವೆ. ತಮ್ಮ ಮಾತು ತುಳುವಿರಲಿ, ಮಲಯಾಳವಿರಲಿ, ಮರಾಠಿಯಿರಲಿ, ಬ್ಯಾರಿಯಿರಲಿ, ನಮ್ಮ ಕಷ್ಟಕ್ಕೆ ಓಡಿ ಬಂದವರು ತಾವು. ಮಲಯಾಳ ಓದುವವರಿಗಾಗಿ ಇದೇ ಆಮಂತ್ರಣವನ್ನು ಮಲಯಾಳದಲ್ಲೂ ಅಚ್ಚು ಹಾಕಿಸಿದ್ದೇವೆ. ಚಪ್ಪರ ಹಾಕುವಲ್ಲಿಂದ ಬಡಿಸುವವರೆಗೆ ತಾವೇ ಮುಂದೆ ನಿಂತು ನಡೆಸಿಕೊಡಬೇಕು.

ಗುರುವಾರ ಕೆಲಸದ ದಿನ ಎಂಬುದು ಗೊತ್ತಿದೆ. ಆದರೂ ಮುಹೂರ್ತ ಕೂಡಿ ಬಂದದ್ದು ಅಂದೇ. ಶಾಲೆ, ಬ್ಯಾಂಕು, ಆಫೀಸಿಗೆ ಹೋಗುವವರು ಬೆಳಿಗ್ಗೆ ಬರಲಾಗದಿದ್ದರೆ ಸಂಕೋಚಪಡಬಾರದು. ಸಂಜೆ ತಾಳಮದ್ದಳೆಗೆ ಬನ್ನಿ. ಫಲಾಹಾರ, ರಾತ್ರಿ ಊಟ ಎರಡೂ ಇವೆ. ಹಿರಿಯರಿಗೆ ಚಾವಡಿಯಲ್ಲಿ ಕುರ್ಚಿ, ಮಲಗಲು ಒಳಗೆ ಕೋಣೆ ಸಿದ್ಧವಿದೆ. ಅಜ್ಜ ಅಜ್ಜಿಯರನ್ನು ಮನೆಯಲ್ಲಿ ಬಿಟ್ಟು ಬರಬೇಡಿ, ಕರೆದುಕೊಂಡೇ ಬನ್ನಿ. ಅವರ ಕೈಯಿಂದ ಅಕ್ಷತೆ ಬೀಳಬೇಕೆಂಬುದು ನಮ್ಮ ಆಸೆ.

ದಾರಿ: ಮಂಗಳೂರಿನಿಂದ ಬರುವವರು ಕುಂಬಳೆಯಲ್ಲಿ ಇಳಿದು, ಬದಿಯಡ್ಕ ಬಸ್ಸಿನಲ್ಲಿ ಸೀತಾಂಗೋಳಿ ದಾಟಿ ನೀರ್ಚಾಲಿನಲ್ಲಿ ಇಳಿಯಬೇಕು. ಪುತ್ತೂರು, ವಿಟ್ಲ ಕಡೆಯವರಿಗೆ ಪೆರ್ಲದ ಮೂಲಕ, ಸುಳ್ಯದವರಿಗೆ ಮುಳ್ಳೇರಿಯದ ಮೂಲಕ ಬದಿಯಡ್ಕಕ್ಕೆ ಬಂದರೆ ಹತ್ತಿರ. ನೀರ್ಚಾಲು ಪೇಟೆಯಿಂದ ಎರಡೂ ದಿನ ನಮ್ಮ ಜೀಪು ಓಡಾಡುತ್ತಿರುತ್ತದೆ. ಸ್ವಂತ ಕಾರಿನಲ್ಲಿ ಬರುವವರು ದಯವಿಟ್ಟು ಕೆಳಗಿನ ಕಟಾವಾದ ಗದ್ದೆಯಲ್ಲೇ ನಿಲ್ಲಿಸಬೇಕು. ಮೇಲಿನ ರಸ್ತೆ ಸಪೂರ, ತಿರುಗಿಸಲು ಜಾಗವಿಲ್ಲ.

ತಮ್ಮ ಆಶೀರ್ವಾದವೇ ನಮಗೆ ಉಡುಗೊರೆ. ಬೇರೆ ಏನನ್ನೂ ತರಬಾರದಾಗಿ ವಿನಂತಿ. ತರಲೇಬೇಕೆಂದು ಅನಿಸಿದರೆ ತಮ್ಮ ತೋಟದ ಒಂದು ಹೂವಿನ ಗಿಡ ತನ್ನಿ, ಅಂಗಳದ ಬದಿಯಲ್ಲಿ ತಮ್ಮ ಕೈಯಿಂದಲೇ ನೆಡೋಣ.

ಪ್ರತಿಯೊಬ್ಬರ ಮನೆಗೂ ನಾವೇ ಬಂದು, ಕಾಲಿಗೆ ನಮಸ್ಕರಿಸಿ ಕರೆಯಬೇಕಾದದ್ದು ಕ್ರಮ. ದೂರದ ಊರುಗಳಲ್ಲಿರುವವರ ಬಳಿಗೆ ಬರಲು ಆಗುತ್ತಿಲ್ಲ. ಈ ಪತ್ರವನ್ನೇ ಖುದ್ದು ಕರೆಯೆಂದು ಭಾವಿಸಿ ಅಗತ್ಯವಾಗಿ ದಯಮಾಡಿಸಬೇಕು.

ತಮ್ಮ ಆಗಮನವನ್ನು ಬಯಸುವ,

ಶ್ರೀಮತಿ ಪಾರ್ವತಿ ಶಂಕರನಾರಾಯಣ ಭಟ್ಟ
ಶ್ರೀಮತಿ ಸಾವಿತ್ರಿ ಮತ್ತು ಶ್ರೀ ಕೇಶವ ಭಟ್ಟ, ಪಡುಮೂಲೆ
ಶ್ರೀಮತಿ ಅನುಷಾ ಮತ್ತು ಶ್ರೀ ಶ್ರೀಹರಿ, ಬೆಂಗಳೂರು
ಶ್ರೀಮತಿ ವಿದ್ಯಾ ಮತ್ತು ಶ್ರೀ ಗಣರಾಜ, ಪುತ್ತೂರು

ಪುಟಾಣಿಗಳ ಕರೆ: ನಮ್ಮ ಹೊಸ ಮನೆಗೆ ಎಲ್ಲರೂ ಬನ್ನಿ, ನಿಮ್ಮ ಮಕ್ಕಳನ್ನು ಬೇಗ ಕರೆದುಕೊಂಡು ಬನ್ನಿ! – ಆದ್ಯಾ, ಅಥರ್ವ

ಸುಖಾಗಮನವನ್ನು ಬಯಸುವವರು: ಪಡುಮೂಲೆ ಕುಟುಂಬಸ್ಥರು ಮತ್ತು ಬಂಧುಮಿತ್ರರು

ಸ್ಥಳ: ‘ಹಿಂಗಾರ’, ಪಡುಮೂಲೆ, ನೀರ್ಚಾಲು, ಕಾಸರಗೋಡು ಜಿಲ್ಲೆ